ತಾರೀಕು ದಾಟಿದ ಮೈಕ್ರೋಮೀಟರ್: ಎನ್‌ಸಿ ಬರೆಯುವ ಬಗೆ

ಪೀಣ್ಯದ ಒಂದು ಮಷಿನ್ ಶಾಪ್ ಎಂದಿಟ್ಟುಕೊಳ್ಳಿ. ಆಂತರಿಕ ಆಡಿಟ್‌ಗೆ ಬಂದವರು ತಪಾಸಣೆ ಮೇಜಿನ ಮೇಲಿದ್ದ ಮೈಕ್ರೋಮೀಟರನ್ನು ತಿರುಗಿಸಿ ನೋಡುತ್ತಾರೆ. ಕ್ಯಾಲಿಬ್ರೇಷನ್ ಚೀಟಿಯಲ್ಲಿರುವ ಗಡುವು ಮಾರ್ಚ್ 31. ಅಂದು ಜೂನ್ 12. ಆ ದಿನ ಬೆಳಗ್ಗೆಯೂ ಅದರಲ್ಲೇ ಶಾಫ್ಟ್ ಅಳೆದು ವರದಿ ತುಂಬಿದ್ದಾರೆ.

ಹೊಸ ಆಡಿಟರ್ ಆದರೆ ಹೀಗೆ ಬರೆದುಬಿಡುತ್ತಾರೆ: "ತಪಾಸಕರ ಬೇಜವಾಬ್ದಾರಿಯಿಂದ ಕ್ಯಾಲಿಬ್ರೇಷನ್ ಆಗಿಲ್ಲ." ಯಾವ ಮೈಕ್ರೋಮೀಟರ್, ಯಾವ ನಿಯಮ ಎಂಬುದು ಇದರಲ್ಲಿ ಇಲ್ಲ. ಇರುವುದು ಬೇಜವಾಬ್ದಾರಿ ಮಾತ್ರ, ಅದನ್ನು ಆಡಿಟರ್ ಕಣ್ಣಾರೆ ಕಂಡಿಲ್ಲ. ಅವರು ಕಂಡದ್ದು ಒಂದು ಚೀಟಿ, ಒಂದು ವರದಿ. ಕಾರಣ ಹುಡುಕುವುದು ಆಮೇಲೆ ಆ ವಿಭಾಗದವರು ಮಾಡಬೇಕಾದ ಕೆಲಸ.

ನಾನು ಬರೆಯುವುದಾದರೆ ಹೀಗೆ: "ಐಎಸ್‌ಒ 9001:2015ರ ಕಲಂ 7.1.5.2 ಮತ್ತು ಕಂಪನಿಯ ಕ್ಯಾಲಿಬ್ರೇಷನ್ ವಿಧಾನದ ಪ್ರಕಾರ ಮೈಕ್ರೋಮೀಟರುಗಳನ್ನು 12 ತಿಂಗಳಿಗೊಮ್ಮೆ ಕ್ಯಾಲಿಬ್ರೇಟ್ ಮಾಡಿಸಬೇಕು. ಎಂಎಂ-07ರ ಗಡುವು ಮಾರ್ಚ್ 31ಕ್ಕೆ ಮುಗಿದಿದ್ದರೂ ಜೂನ್ 12ರ ಶಾಫ್ಟ್ ತಪಾಸಣಾ ವರದಿಯಲ್ಲಿ ಅದರ ಬಳಕೆ ದಾಖಲಾಗಿದೆ. ನೋಡಿದ 12 ಉಪಕರಣಗಳಲ್ಲಿ ಉಳಿದ 11 ಗಡುವಿನೊಳಗಿವೆ." ಅಳೆದವರ ಹೆಸರು ಬೇಕಿಲ್ಲ. ಉಪಕರಣದ ನಂಬರು, ವರದಿಯ ತಾರೀಕು ಇದ್ದರೆ ಯಾರು ಬೇಕಾದರೂ ಹೋಗಿ ಪರೀಕ್ಷಿಸಬಹುದು. 12ರಲ್ಲಿ 1 ಎಂಬುದನ್ನು ಬಿಡಬಾರದು. ಬಿಟ್ಟರೆ ಶಾಪಿನ ಎಲ್ಲ ಉಪಕರಣಗಳೂ ಹೀಗೇ ಇವೆ ಎಂದು ಓದುವವರು ತಿಳಿಯುತ್ತಾರೆ.

ಇದು ಮೇಜರೋ ಮೈನರೋ? ಆಂತರಿಕ ಆಡಿಟ್‌ನಲ್ಲಿ ಈ ದರ್ಜೆಯ ಅರ್ಥವನ್ನು ಕಂಪನಿಯೇ ತನ್ನ ವಿಧಾನದಲ್ಲಿ ಬರೆದಿಟ್ಟುಕೊಂಡಿರಬೇಕು. ಸಾಮಾನ್ಯವಾಗಿ ವ್ಯವಸ್ಥೆಯೇ ನಡೆಯದಿದ್ದರೆ ಮೇಜರ್, ನಡೆಯುತ್ತಿರುವ ವ್ಯವಸ್ಥೆಯಲ್ಲಿ ಒಂದು ತಪ್ಪಿದರೆ ಮೈನರ್. ಇಲ್ಲಿ ಮೈನರ್ ಸರಿ, ಆದರೆ ಆ ದರ್ಜೆ ಏಕೆ ಎಂಬುದನ್ನೂ ಜೊತೆಗೇ ಬರೆಯಬೇಕು. ಗಡುವು ಮೀರಿದ ಮಾತ್ರಕ್ಕೆ ಉಪಕರಣ ತಪ್ಪು ತೋರಿಸುತ್ತಿದೆ ಎಂದಲ್ಲ. ಕ್ಯಾಲಿಬ್ರೇಷನ್ ಮಾಡಿಸಿದಾಗ ಅದು 0.004 ಮಿ.ಮೀ. ಹೆಚ್ಚು ತೋರಿಸುತ್ತಿದೆ ಎಂದು ಗೊತ್ತಾಯಿತು ಎನ್ನೋಣ. ಆಗ ಕೆಳಮಿತಿಗಿಂತ 0.002 ಮಾತ್ರ ಹೆಚ್ಚೆಂದು ದಾಖಲಾಗಿ ಪಾಸಾದ ಶಾಫ್ಟ್ ನಿಜದಲ್ಲಿ ಕೆಳಮಿತಿಗಿಂತ ಸಣ್ಣದು. ಹಾಗಾದರೆ ಹಿಂದಿನ ಅಳತೆಗಳು ಕೆಟ್ಟಿವೆಯೇ ಎಂದು ನೋಡಿ ಅಗತ್ಯವಿದ್ದಂತೆ ಕ್ರಮ ಕೈಗೊಳ್ಳಬೇಕೆಂದು ಅದೇ ಕಲಂ ಹೇಳುತ್ತದೆ. ಅಂಥ ಶಾಫ್ಟ್ ಗಿರಾಕಿಗೆ ಹೋಗಿದ್ದರೆ ದರ್ಜೆಯನ್ನೂ ಮತ್ತೆ ತೂಗಬೇಕಾಗುತ್ತದೆ.

ಬೇಜವಾಬ್ದಾರಿ ಎಂದು ಬರೆದಿದ್ದರೆ ತಪಾಸಕರಿಗೆ ಒಂದು ಮೆಮೊ ಕೊಟ್ಟು ಎನ್‌ಸಿ ಮುಚ್ಚುತ್ತಿದ್ದರು. ಹಾಗೆ ಬರೆಯದ್ದರಿಂದ ವಿಭಾಗದವರು ಹಿಂದಕ್ಕೆ ಹುಡುಕುತ್ತಾ ಹೋದರು. ಮಾರ್ಚ್‌ನಲ್ಲಿ ಉಪಕರಣಗಳು ಲ್ಯಾಬ್‌ಗೆ ಹೊರಟಾಗ ಎಂಎಂ-07 ಟೂಲ್ ರೂಮಿನಲ್ಲಿತ್ತು. ಹೋದವುಗಳನ್ನು ಪಟ್ಟಿಯೊಂದಿಗೆ ತಾಳೆ ನೋಡುವ ಪದ್ಧತಿಯೇ ಅಲ್ಲಿರಲಿಲ್ಲ.