ಕಳೆದ ಪ್ಯಾಕೆಟ್ಟಿಗಾಗಿ ಎಲ್ಲರೂ ಕಾಯಬೇಕಿಲ್ಲ

ಇಂಟರ್ನೆಟ್ಟಿನಲ್ಲಿ ಪ್ಯಾಕೆಟ್ ಕಳೆದುಹೋಗುವುದು ದಿನನಿತ್ಯದ ಸಂಗತಿ. ದಾರಿಯಲ್ಲಿನ ಯಾವುದೋ ರೂಟರಿನ ಸರತಿ ತುಂಬಿದರೆ ಹೊಸದಾಗಿ ಬಂದ ಪ್ಯಾಕೆಟ್ಟನ್ನು ಅದು ಸುಮ್ಮನೆ ಎಸೆದುಬಿಡುತ್ತದೆ. ಮೊಬೈಲ್ ಸಿಗ್ನಲ್ ಕುಂದಿದಾಗಲೂ ಒಂದೆರಡು ಹೀಗೆ ಹೋಗುತ್ತವೆ. ಹೋದದ್ದನ್ನು ಮತ್ತೆ ತರಿಸಿ, ಬಂದದ್ದನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ ಕೊಡುವ ಕೆಲಸವನ್ನು ದಶಕಗಳಿಂದ ಮಾಡುತ್ತ ಬಂದಿರುವುದು ಟಿಸಿಪಿ. 1981ರಲ್ಲಿ ಅದರ ನಿಯಮಾವಳಿ ಆರ್‌ಎಫ್‌ಸಿ 793 ಎಂಬ ಸಂಖ್ಯೆಯಲ್ಲಿ ಪ್ರಕಟವಾಯಿತು. ಅದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುವ ಹೊಸ ವ್ಯವಸ್ಥೆ ಕ್ವಿಕ್. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ, ಒಂದು ಪ್ಯಾಕೆಟ್ ಕಳೆದಾಗ ಯಾರು ಕಾಯಬೇಕು ಎಂಬುದರಲ್ಲಿದೆ.

ಟಿಸಿಪಿಯ ಕಣ್ಣಿಗೆ ಒಂದು ಸಂಪರ್ಕವೆಂದರೆ ಬೈಟುಗಳ ಒಂದೇ ಒಂದು ಉದ್ದ ಸಾಲು. ಆ ಸಾಲಿನೊಳಗೆ ಎಲ್ಲಿ ಚಿತ್ರ ಮುಗಿಯಿತು, ಎಲ್ಲಿ ಸ್ಕ್ರಿಪ್ಟ್ ಶುರುವಾಯಿತು ಎಂಬುದು ಅದಕ್ಕೆ ತಿಳಿಯದು. ನಡುವೆ ಸಾವಿರ ಬೈಟು ಬಾರದಿದ್ದರೆ, ಅದರ ಹಿಂದೆ ಬಂದದ್ದೆಲ್ಲವನ್ನೂ ತನ್ನಲ್ಲೇ ಹಿಡಿದಿಟ್ಟುಕೊಂಡು, ಕಳೆದ ತುಂಡು ಬರುವವರೆಗೆ ಬ್ರೌಸರಿಗೆ ಏನನ್ನೂ ಕೊಡುವುದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಮುಂದೆ ನಿಂತವರ ಬೆರಳಚ್ಚನ್ನು ಯಂತ್ರ ಒಪ್ಪದಿದ್ದರೆ ಹಿಂದಿನವರೆಲ್ಲ ಚೀಲ ಹಿಡಿದು ನಿಲ್ಲುವಂತೆಯೇ ಇದು. ಜಾಲದ ಪರಿಭಾಷೆಯಲ್ಲಿ ಇದಕ್ಕೆ ಹೆಡ್ ಆಫ್ ಲೈನ್ ಬ್ಲಾಕಿಂಗ್ ಎಂಬ ಹೆಸರಿದೆ.

ಹಳೆಯ ಎಚ್‌ಟಿಟಿಪಿ/1.1 ಕಾಲದಲ್ಲಿ ಈ ತೊಂದರೆ ಇನ್ನೊಂದು ರೂಪದಲ್ಲಿತ್ತು. ಒಂದು ಸಂಪರ್ಕದಲ್ಲಿ ಒಂದು ಉತ್ತರ ಮುಗಿಯದೆ ಮುಂದಿನದು ಬರುತ್ತಿರಲಿಲ್ಲ. ಹಾಗಾಗಿ ಬ್ರೌಸರುಗಳು ಒಂದೇ ತಾಣಕ್ಕೆ ಸಾಮಾನ್ಯವಾಗಿ ಆರು ಸಂಪರ್ಕಗಳನ್ನು ತೆರೆದು ಕೆಲಸ ಸಾಗಿಸುತ್ತಿದ್ದವು. 2015ರಲ್ಲಿ ಬಂದ ಎಚ್‌ಟಿಟಿಪಿ/2 ಒಂದೇ ಸಂಪರ್ಕದೊಳಗೆ ಹಲವು ಸ್ಟ್ರೀಮುಗಳನ್ನು ಹೆಣೆದು ಕಳಿಸುವ ಉಪಾಯ ತಂದಿತು. ಪ್ರತಿ ಕಡತಕ್ಕೂ ಒಂದು ಸ್ಟ್ರೀಮ್, ಎಲ್ಲವೂ ತುಂಡುತುಂಡಾಗಿ ಬೆರೆತು ಬರುತ್ತವೆ. ಆದರೆ ಕೆಳಗೆ ಇದ್ದದ್ದು ಅದೇ ಟಿಸಿಪಿ. ಮೇಲೆ ಮಾಡಿದ ವಿಂಗಡಣೆ ಅದಕ್ಕೆ ಕಾಣದ ಕಾರಣ, ಒಂದು ಚಿತ್ರದ ಪ್ಯಾಕೆಟ್ ಕಳೆದರೂ ಎಲ್ಲ ಸ್ಟ್ರೀಮುಗಳೂ ನಿಂತವು. ಪ್ಯಾಕೆಟ್ ಹೆಚ್ಚು ಕಳೆಯುವ ಜಾಲದಲ್ಲಂತೂ ಹಳೆಯ ಆರು ಸಂಪರ್ಕಗಳೇ ವಾಸಿ ಎನ್ನಿಸಿದ್ದುಂಟು. ಆರರಲ್ಲಿ ಒಂದು ನಿಂತರೆ ಉಳಿದ ಐದಾದರೂ ನಡೆಯುತ್ತಿದ್ದವಲ್ಲ.

ಹಾಗಾದರೆ ಟಿಸಿಪಿಯನ್ನೇ ತಿದ್ದಬಹುದಿತ್ತು. ಅದಕ್ಕೆ ಎರಡು ಅಡ್ಡಿಗಳಿದ್ದವು. ಟಿಸಿಪಿ ಇರುವುದು ಕಾರ್ಯಾಚರಣ ವ್ಯವಸ್ಥೆಯ ಒಳಗೆ, ಕರ್ನೆಲಿನಲ್ಲಿ. ಅಲ್ಲಿನ ಬದಲಾವಣೆ ಜಗತ್ತಿನ ಫೋನುಗಳನ್ನೆಲ್ಲ ತಲುಪಲು ವರ್ಷಗಳೇ ಬೇಕು. ಇನ್ನೊಂದು ಅಡ್ಡಿ ದಾರಿಯಲ್ಲಿದೆ. ಫೈರ್‌ವಾಲುಗಳು, ಮನೆಯ ರೂಟರುಗಳು, ಮೊಬೈಲ್ ಕಂಪನಿಗಳ ಪೆಟ್ಟಿಗೆಗಳು ಟಿಸಿಪಿಯ ತಲೆಬರಹವನ್ನು ಓದಿ, ತಮಗೆ ಪರಿಚಯವಿಲ್ಲದ್ದು ಕಂಡರೆ ತಡೆಯುತ್ತವೆ. ಸ್ಟ್ರೀಮುಗಳ ಕಲ್ಪನೆ ಹೊಸದೇನಲ್ಲ. ಎಸ್‌ಸಿಟಿಪಿ ಎಂಬ ವ್ಯವಸ್ಥೆ 2000ದಲ್ಲೇ ಅದನ್ನು ತಂದಿತ್ತು. ದೂರವಾಣಿ ಜಾಲಗಳೊಳಗೆ ಅದಕ್ಕೆ ಬಳಕೆ ಸಿಕ್ಕಿತಾದರೂ ಸಾಮಾನ್ಯ ಇಂಟರ್ನೆಟ್ಟಿನಲ್ಲಿ ಈ ಪೆಟ್ಟಿಗೆಗಳನ್ನು ದಾಟಲು ಆಗಲಿಲ್ಲ.

ಬಹುತೇಕ ಎಲ್ಲ ಕಡೆಯೂ ದಾರಿ ಬಿಡುತ್ತಿದ್ದ ಇನ್ನೊಂದು ಹಳೆಯ ವಾಹನವೆಂದರೆ ಯುಡಿಪಿ. ಅದರ ತಲೆಬರಹ ಬರೀ ಎಂಟು ಬೈಟು: ಕಳಿಸಿದವರ ಪೋರ್ಟ್, ಪಡೆಯುವವರ ಪೋರ್ಟ್, ಉದ್ದ, ತಾಳೆಮೊತ್ತ. ಕಳೆದದ್ದನ್ನು ಮತ್ತೆ ಕಳಿಸುವುದಾಗಲಿ ಕ್ರಮ ಕಾಯುವುದಾಗಲಿ ಅದರ ಹೊಣೆಯಲ್ಲ. ಯಾವುದಕ್ಕೂ ಕಾಯದೆ ಬಂದದ್ದನ್ನು ಬಂದ ಹಾಗೆ ಮೇಲಕ್ಕೆ ದಾಟಿಸುವ ಈ ಗುಣವೇ ಬೇಕಾಗಿತ್ತು. ಗೂಗಲ್‌ನಲ್ಲಿ ಜಿಮ್ ರಾಸ್ಕಿಂಡ್ ರೂಪಿಸಿದ ಕ್ವಿಕ್ ಯುಡಿಪಿಯ ಮೇಲೆ ಕುಳಿತು, ನಂಬಿಕೆಗೆ ಬೇಕಾದುದೆಲ್ಲವನ್ನೂ ಬ್ರೌಸರ್ ಮತ್ತು ಸರ್ವರಿನ ತಂತ್ರಾಂಶದಲ್ಲೇ ಕಟ್ಟಿಕೊಂಡಿತು. 2013ರಲ್ಲಿ ಅದು ಬಹಿರಂಗವಾಯಿತು. 2016ರಿಂದ ಐಇಟಿಎಫ್ ಅದನ್ನು ಕೈಗೆತ್ತಿಕೊಂಡು ಬಹಳಷ್ಟು ತಿದ್ದಿ, 2021ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 9000 ಆಗಿ ಪ್ರಕಟಿಸಿತು. ಅದರ ಮೇಲೆ ನಡೆಯುವ ಎಚ್‌ಟಿಟಿಪಿ/3 2022ರಲ್ಲಿ ಬಂದಿತು.

ಕ್ವಿಕ್‌ನ ಜಾಣ್ಮೆಯೆಲ್ಲ ಎರಡು ಬಗೆಯ ಲೆಕ್ಕವನ್ನು ಬೇರ್ಪಡಿಸಿದ್ದರಲ್ಲಿದೆ. ಟಿಸಿಪಿಯಲ್ಲಿ ಒಂದೇ ಕ್ರಮಸಂಖ್ಯೆ ಎರಡು ಕೆಲಸ ಮಾಡುತ್ತದೆ: ಯಾವುದು ತಲುಪಿತು ಎಂದು ಹೇಳುವುದೂ ಅದೇ, ಯಾವುದರ ನಂತರ ಯಾವುದು ಎಂದು ಹೇಳುವುದೂ ಅದೇ. ಕ್ವಿಕ್‌ನಲ್ಲಿ ತಲುಪಿದ್ದರ ಲೆಕ್ಕಕ್ಕೆ ಪ್ಯಾಕೆಟ್ ಸಂಖ್ಯೆ ಇದೆ. ಅದು ಏರುತ್ತಲೇ ಹೋಗುತ್ತದೆ, ಒಮ್ಮೆ ಬಳಸಿದ ಸಂಖ್ಯೆ ಮತ್ತೆ ಬಾರದು. ಜೋಡಣೆಯ ಲೆಕ್ಕ ಪ್ಯಾಕೆಟ್ಟಿನೊಳಗಿನ ಸ್ಟ್ರೀಮ್ ಚೌಕಟ್ಟಿನಲ್ಲಿರುತ್ತದೆ. ಆ ಚೌಕಟ್ಟು ಹೇಳುವುದಿಷ್ಟೆ: ಇದು ಯಾವ ಸ್ಟ್ರೀಮಿನದು, ಆ ಸ್ಟ್ರೀಮಿನಲ್ಲಿ ಎಷ್ಟನೆಯ ಬೈಟಿನಿಂದ ಶುರು, ಉದ್ದ ಎಷ್ಟು, ಇದೇ ಕೊನೆಯ ತುಂಡೇ.

ಒಂದು ಸಂದರ್ಭವನ್ನು ಹಿಡಿದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬ್ರೌಸರ್ ಮೂರು ಕಡತ ಕೇಳಿದೆ ಎನ್ನೋಣ: ಪುಟದ ವಿನ್ಯಾಸ, ಒಂದು ಚಿತ್ರ, ಒಂದು ಸ್ಕ್ರಿಪ್ಟ್. ಬ್ರೌಸರ್ ತೆರೆಯುವ ಇಂಥ ಸ್ಟ್ರೀಮುಗಳ ಸಂಖ್ಯೆ ನಾಲ್ಕರ ಅಂತರದಲ್ಲಿ ಏರುತ್ತದೆ, ಏಕೆಂದರೆ ಕೊನೆಯ ಎರಡು ಬಿಟ್ಟುಗಳು ಸ್ಟ್ರೀಮಿನ ಬಗೆಯನ್ನು ಸೂಚಿಸಲು ಮೀಸಲು. ಹಾಗಾಗಿ ಇವು ಕ್ರಮವಾಗಿ 0, 4 ಮತ್ತು 8. ಲೆಕ್ಕ ಸುಲಭವಾಗಲೆಂದು ಪ್ರತಿ ಪ್ಯಾಕೆಟ್ಟಿನಲ್ಲೂ ಸಾವಿರ ಬೈಟು ಇಟ್ಟುಕೊಂಡರೆ ಸರ್ವರ್ ಕಳಿಸುವುದು ಹೀಗೆ:

```
pkt 20  STREAM id=0 off=0    len=1000
pkt 21  STREAM id=4 off=0    len=1000
pkt 22  STREAM id=8 off=0    len=1000
pkt 23  STREAM id=0 off=1000 len=1000 FIN
pkt 24  STREAM id=4 off=1000 len=1000
pkt 25  STREAM id=8 off=1000 len=1000
```

ಇದರಲ್ಲಿ 21ನೆಯ ಪ್ಯಾಕೆಟ್ ದಾರಿಯಲ್ಲಿ ಕಳೆಯಿತು. 20 ಮತ್ತು 23 ಬಂದದ್ದರಿಂದ ವಿನ್ಯಾಸದ ಕಡತ ಪೂರ್ತಿಯಾಯಿತು. ಬ್ರೌಸರ್ ಅದನ್ನು ಕೂಡಲೇ ಬಳಸಬಹುದು. 22 ಮತ್ತು 25ರಿಂದ ಸ್ಕ್ರಿಪ್ಟಿನ ಮೊದಲ ಎರಡು ಸಾವಿರ ಬೈಟು ಸಿಕ್ಕವು. ಕಾಯುವುದು 24ನೆಯ ಪ್ಯಾಕೆಟ್ಟಿನಲ್ಲಿ ಬಂದ ಚಿತ್ರದ ತುಂಡು ಮಾತ್ರ, ಅದರ ಹಿಂದಿನ ತುಂಡು ಇನ್ನೂ ಇಲ್ಲ. ಇದೇ ಆರು ಪ್ಯಾಕೆಟ್ ಟಿಸಿಪಿಯಲ್ಲಿ ಬಂದಿದ್ದರೆ ಮೊದಲ ಸಾವಿರ ಬೈಟು ಮಾತ್ರ ಬ್ರೌಸರಿನ ಕೈಸೇರಿ, ಮಿಕ್ಕ ನಾಲ್ಕು ಸಾವಿರ ಫೋನಿನೊಳಗೇ ಬಂದು ಕುಳಿತಿದ್ದರೂ ಬಳಕೆಗೆ ಸಿಗುತ್ತಿರಲಿಲ್ಲ.

ಇತ್ತ ಬ್ರೌಸರ್ ಸರ್ವರಿಗೆ ಸ್ವೀಕೃತಿ ಕಳಿಸುತ್ತದೆ: 20 ಬಂತು, 22ರಿಂದ 25 ಬಂದವು. ಒಂದು ಪ್ಯಾಕೆಟ್ಟಿಗಿಂತ ಮೂರು ಸಂಖ್ಯೆ ಮುಂದಿನದು ತಲುಪಿಯೂ ಅದು ತಲುಪದಿದ್ದರೆ ಕಳೆದಿದೆ ಎಂದೇ ತಿಳಿಯಬೇಕೆಂಬುದು ಶಿಫಾರಸು ಮಾಡಿದ ಮಿತಿ. ಒಂದೆರಡು ಪ್ಯಾಕೆಟ್ ದಾರಿಯಲ್ಲಿ ಹಿಂದುಮುಂದಾದ ಮಾತ್ರಕ್ಕೆ ಗಾಬರಿಯಾಗದಿರಲೆಂದು ಈ ಅಂತರ. 24 ತಲುಪಿದ ಸುದ್ದಿ ಬಂದೊಡನೆ 21 ಆ ಗೆರೆ ದಾಟಿತು. ಸರ್ವರ್ ಆಗ 21ನೆಯ ಪ್ಯಾಕೆಟ್ಟನ್ನು ಮತ್ತೆ ಕಳಿಸುವುದಿಲ್ಲ. ಅದರೊಳಗಿದ್ದ ಸರಕನ್ನು ಹೊಸ ಪ್ಯಾಕೆಟ್ಟಿನಲ್ಲಿ ತುಂಬಿ ಕಳಿಸುತ್ತದೆ:

```
pkt 26  STREAM id=4 off=0    len=1000
```

ಹೋಗಿಬರುವ ಸಮಯ 100 ಮಿಲಿಸೆಕೆಂಡ್ ಎಂದಾದರೆ ಚಿತ್ರದ ಈ ತುಂಡು ಬರಬೇಕಿದ್ದ ಹೊತ್ತಿಗಿಂತ ಸುಮಾರು ಅಷ್ಟೇ ತಡವಾಗಿ ಬರುತ್ತದೆ. ಆ ತಡ ತಪ್ಪಲಿಲ್ಲ, ಆದರೆ ಅದು ಚಿತ್ರಕ್ಕೆ ಮಾತ್ರ ಸೀಮಿತವಾಯಿತು. ಹೊಸ ಸಂಖ್ಯೆ ಕೊಡುವುದರಿಂದ ಇನ್ನೊಂದು ಲಾಭವೂ ಇದೆ. ಟಿಸಿಪಿಯಲ್ಲಿ ಮರುಕಳಿಸಿದ ತುಂಡಿಗೂ ಮೊದಲಿನದೇ ಸಂಖ್ಯೆ ಇರುವುದರಿಂದ, ಬಂದ ಸ್ವೀಕೃತಿ ಮೊದಲ ಪ್ರತಿಗೋ ಎರಡನೆಯದಕ್ಕೋ ಎಂಬ ಗೊಂದಲ ಹುಟ್ಟುತ್ತದೆ. ಹೋಗಿಬರುವ ಸಮಯದ ಅಳತೆಯೂ ಕೆಡುತ್ತದೆ. ಕ್ವಿಕ್‌ನಲ್ಲಿ 26ಕ್ಕೆ ಬಂದ ಸ್ವೀಕೃತಿ 26ರದೇ.

ಸ್ಟ್ರೀಮುಗಳನ್ನು ಬೇರ್ಪಡಿಸಿದ ಮೇಲೆ ಇನ್ನೊಂದು ಕಡೆಯಿಂದ ತಡೆ ನುಸುಳಬಹುದಿತ್ತು. ಬ್ರೌಸರ್ ಒಂದು ದೊಡ್ಡ ವಿಡಿಯೊವನ್ನು ಓದದೆ ಬಿಟ್ಟರೆ, ಅದರ ಬೈಟುಗಳೇ ಸಂಪರ್ಕದ ಜಾಗವನ್ನೆಲ್ಲ ತುಂಬಿ ಉಳಿದವಕ್ಕೆ ಎಡೆಯಿಲ್ಲದಂತೆ ಮಾಡಬಹುದು. ಅದಕ್ಕಾಗಿ ಕ್ವಿಕ್ ಮಿತಿಯನ್ನು ಎರಡು ಹಂತದಲ್ಲಿ ಹಾಕುತ್ತದೆ: ಪ್ರತಿ ಸ್ಟ್ರೀಮಿಗೆ ಇಷ್ಟು, ಇಡೀ ಸಂಪರ್ಕಕ್ಕೆ ಇಷ್ಟು. ಪಡೆಯುವವರು ಓದಿ ಜಾಗ ತೆರವಾದ ಹಾಗೆ ಮಿತಿಯನ್ನು ಏರಿಸುತ್ತ ಹೋಗುತ್ತಾರೆ.

ಇದೆಲ್ಲವೂ ಗೂಢಲಿಪಿಯೊಳಗೆ ನಡೆಯುತ್ತದೆ. ಕ್ವಿಕ್‌ನಲ್ಲಿ ಟಿಎಲ್‌ಎಸ್ 1.3 ಸೇರಿಕೊಂಡೇ ಇದ್ದು, ಪ್ಯಾಕೆಟ್ ಸಂಖ್ಯೆಗೂ ಮುಸುಕು ಹಾಕಲಾಗುತ್ತದೆ. ದಾರಿಯ ಪೆಟ್ಟಿಗೆಗಳು ಒಳಗಿನದನ್ನು ಓದಲಾರವು. ಓದಲಾರದ್ದರ ಬಗ್ಗೆ ಅವು ಹಟ ಹಿಡಿಯಲೂ ಆರವು. ಮುಂದೆ ಕ್ವಿಕ್ ಬದಲಾಗಬೇಕಾದರೆ ಈ ಮರೆ ಬಹಳ ಮುಖ್ಯ.

ಇಷ್ಟಾದರೂ ತಡೆ ಪೂರ್ತಿ ಹೋಯಿತು ಎನ್ನುವುದು ಉತ್ಪ್ರೇಕ್ಷೆ. ಒಂದೇ ಸ್ಟ್ರೀಮಿನೊಳಗೆ ಕ್ರಮ ಇದ್ದೇ ಇದೆ. ಒಂದೇ ದೊಡ್ಡ ಕಡತವನ್ನು ಇಳಿಸಿಕೊಳ್ಳುವವರಿಗೆ ಈ ವಿಷಯದಲ್ಲಿ ಟಿಸಿಪಿಗೂ ಕ್ವಿಕ್‌ಗೂ ಹೆಚ್ಚು ಭೇದವಿಲ್ಲ. ಒಂದೇ ಪ್ಯಾಕೆಟ್ಟಿನಲ್ಲಿ ಮೂರು ಸ್ಟ್ರೀಮುಗಳ ಚೂರುಗಳನ್ನು ತುಂಬಿದರೆ, ಅದು ಕಳೆದಾಗ ಮೂರೂ ನಿಲ್ಲುತ್ತವೆ. ಹಾಗಾಗಿ ಒಂದು ಪ್ಯಾಕೆಟ್ಟಿನಲ್ಲಿ ಆದಷ್ಟು ಕಡಿಮೆ ಸ್ಟ್ರೀಮ್ ಇರಲಿ ಎಂದು ಮಾನದಂಡವೇ ಸಲಹೆ ಕೊಡುತ್ತದೆ. ಸರ್ವರ್ ಕಡತಗಳನ್ನು ಹೆಣೆಯದೆ ಒಂದಾದ ಮೇಲೊಂದು ಕಳಿಸಿದರೂ ಲಾಭ ಕರಗುತ್ತದೆ, ಏಕೆಂದರೆ ಆಗ ದಾರಿಯಲ್ಲಿರುವುದೆಲ್ಲ ಒಂದೇ ಸ್ಟ್ರೀಮಿನ ಸರಕು. ಪ್ಯಾಕೆಟ್ ಕಳೆದಾಗ ದಟ್ಟಣೆಯೆಂದು ಬಗೆದು ವೇಗ ತಗ್ಗಿಸುವ ನಿಯಮವೂ ಇಡೀ ಸಂಪರ್ಕಕ್ಕೆ ಒಂದೇ. ಚಿತ್ರದ ಪ್ಯಾಕೆಟ್ ಕಳೆದರೆ ಸ್ಕ್ರಿಪ್ಟ್ ನಿಲ್ಲುವುದಿಲ್ಲ ನಿಜ, ಆದರೆ ಅದೂ ಸ್ವಲ್ಪ ನಿಧಾನವಾಗಬಹುದು.

ತಡೆ ಕದ್ದು ಒಳಬರುವ ಇನ್ನೊಂದು ಬಾಗಿಲು ಎಚ್‌ಟಿಟಿಪಿಯ ತಲೆಬರಹಗಳನ್ನು ಕುಗ್ಗಿಸುವ ಕ್ರಮ. ಹಿಂದೆ ಕಳಿಸಿದ್ದನ್ನು ಒಂದು ಪಟ್ಟಿಯಲ್ಲಿಟ್ಟು, ಮುಂದೆ ಬರೀ ಅದರ ಸಂಖ್ಯೆ ಹೇಳುವುದು ಅದರ ರೀತಿ. ಪಟ್ಟಿಯ ನಮೂದು ಇದ್ದ ಪ್ಯಾಕೆಟ್ಟೇ ಕಳೆದರೆ, ಆ ಸಂಖ್ಯೆಯನ್ನು ನಂಬಿದ ಸ್ಟ್ರೀಮುಗಳು ಕಾಯಲೇಬೇಕು. ಎಚ್‌ಟಿಟಿಪಿ/3ಕ್ಕಾಗಿ ಮಾಡಿದ ಕ್ಯೂಪ್ಯಾಕ್ ಎಂಬ ಕ್ರಮದಲ್ಲಿ, ಹೀಗೆ ಕಾಯುವ ಅಪಾಯಕ್ಕೆ ಎಷ್ಟು ಸ್ಟ್ರೀಮುಗಳನ್ನು ಒಡ್ಡಬಹುದು ಎಂಬುದನ್ನು ಪಡೆಯುವವರೇ ಮೊದಲು ತಿಳಿಸುತ್ತಾರೆ. ಸೊನ್ನೆ ಎಂದರೆ ಕಾಯುವ ಪ್ರಶ್ನೆಯೇ ಇಲ್ಲ, ಬದಲಿಗೆ ಕುಗ್ಗಿಸುವಿಕೆ ಕಡಿಮೆ.

ಪ್ಯಾಕೆಟ್ ಕಳೆಯದ ಒಳ್ಳೆಯ ಫೈಬರ್ ಸಂಪರ್ಕದಲ್ಲಿ ಬಿಡಿಸಲು ತಡೆಯೇ ಇರುವುದಿಲ್ಲ. ಅಲ್ಲಿ ಕ್ವಿಕ್‌ನ ಲೆಕ್ಕಾಚಾರವೆಲ್ಲ ಕರ್ನೆಲಿನ ಹೊರಗೆ ನಡೆಯುವುದರಿಂದ ಸರ್ವರಿನ ಪ್ರೊಸೆಸರಿಗೆ ಟಿಸಿಪಿಗಿಂತ ಹೆಚ್ಚು ದುಡಿಮೆ ಬೀಳುವುದೂ ಇದೆ. ಸಿಗ್ನಲ್ ಏರಿಳಿಯುವ ಮೊಬೈಲಿನಲ್ಲಿ, ದೂರದ ಸರ್ವರಿನೊಡನೆ ಮಾತಾಡುವಾಗ ಇದರ ಬೆಲೆ ತಿಳಿಯುತ್ತದೆ.

ಒಂದು ತಾಣ ಕ್ವಿಕ್‌ನಲ್ಲಿ ಬರುತ್ತಿದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಕ್ರೋಮ್ ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, Network ಪುಟದಲ್ಲಿ Protocol ಎಂಬ ಕಾಲಮ್ಮನ್ನು ಕಾಣುವಂತೆ ಮಾಡಿ, ತಾಣವನ್ನು ಮತ್ತೆ ಲೋಡ್ ಮಾಡಿದರೆ ಸಾಕು. `h3` ಎಂದಿದ್ದರೆ ಕ್ವಿಕ್, `h2` ಎಂದಿದ್ದರೆ ಟಿಸಿಪಿ. ಮೊದಲ ಸಲ `h2` ಕಂಡು ಮರುಸಲ `h3` ಕಾಣುವುದು ಸಹಜ, ಏಕೆಂದರೆ ಸರ್ವರ್ ಸಾಮಾನ್ಯವಾಗಿ ಮೊದಲ ಭೇಟಿಯಲ್ಲೇ `alt-svc` ಎಂಬ ಸಾಲಿನಲ್ಲಿ ತಾನು ಕ್ವಿಕ್ ಬಲ್ಲೆನೆಂದು ತಿಳಿಸುತ್ತದೆ. ಮನೆಯಲ್ಲಿ `h3` ತೋರಿಸಿದ ತಾಣ ಕಚೇರಿಯಲ್ಲಿ ಎಷ್ಟು ಸಲ ನೋಡಿದರೂ `h2` ಎಂದೇ ತೋರಿಸಿದರೆ, ಬಹುಪಾಲು ಅಲ್ಲಿನ ಫೈರ್‌ವಾಲ್ ಯುಡಿಪಿಯ 443ನೆಯ ಪೋರ್ಟನ್ನು ಮುಚ್ಚಿದೆ, ಬ್ರೌಸರ್ ಸದ್ದಿಲ್ಲದೆ ಟಿಸಿಪಿಗೆ ಮರಳಿದೆ.