ಇಪ್ಪತ್ತರಲ್ಲಿ 12.60: ಸರ್ಫಿಂಗ್ ಅಂಕಗಳ ಒಳಲೆಕ್ಕ

2025ರ ಆಗಸ್ಟ್‌ನಲ್ಲಿ ತಮಿಳುನಾಡಿನ ಮಹಾಬಲಿಪುರಂನಲ್ಲಿ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್ ನಡೆಯಿತು. ಕರ್ನಾಟಕ ಮೂಲದ ರಮೇಶ್ ಬೂದಿಹಾಳ್ ಪುರುಷರ ವಿಭಾಗದಲ್ಲಿ ಕಂಚು ಗೆದ್ದರು. ಈ ಕೂಟದ ವೈಯಕ್ತಿಕ ಸ್ಪರ್ಧೆಯಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಫೈನಲ್‌ನಲ್ಲಿ ಅವರ ಅಂಕ 12.60. ಚಿನ್ನ ಗೆದ್ದ ಕೊರಿಯಾದ ಸ್ಪರ್ಧಿಯದು 15.17, ಬೆಳ್ಳಿ ಪಡೆದ ಇಂಡೋನೇಷ್ಯಾದವರದು 14.57.

ನಾಯಂಡಹಳ್ಳಿಯಂಥ, ಕಡಲಿನಿಂದ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಊರಲ್ಲಿ ಕೂತು ಇಂಥ ಸ್ಪರ್ಧೆಯನ್ನು ಮೊಬೈಲಿನಲ್ಲಿ ನೋಡುವವರಿಗೆ ಈ ಅಂಕಗಳು ಎಲ್ಲಿಂದ ಉದುರುತ್ತವೆ ಎಂಬುದೇ ತಿಳಿಯುವುದಿಲ್ಲ. ಓಟದಲ್ಲಿ ಗಡಿಯಾರ ಇದೆ, ಎಸೆತದಲ್ಲಿ ಅಳತೆಪಟ್ಟಿ ಇದೆ. ಸರ್ಫಿಂಗ್‌ನಲ್ಲಿ ಎರಡೂ ಇಲ್ಲ. ಮೇಲಾಗಿ ಆಟದ ಮೈದಾನವೇ ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಒಬ್ಬನಿಗೆ ಸಿಕ್ಕ ಅಲೆ ಇನ್ನೊಬ್ಬನಿಗೆ ಸಿಗುವುದೇ ಇಲ್ಲ. ಹಾಗಿದ್ದೂ ಎರಡು ದಶಮಾಂಶ ಸ್ಥಾನದವರೆಗೆ ಅಂಕ ಕೊಟ್ಟು, ಅದರ ಮೇಲೆ ಗೆಲುವು ಸೋಲು ನಿರ್ಧರಿಸುತ್ತಾರೆ. ಇದು ಹೇಗೆ ಸಾಧ್ಯವಾಗುತ್ತದೆ ಎಂದು ನೋಡಲು ನಮ್ಮದೇ ಕಡಲತೀರಕ್ಕೆ ಹೋಗೋಣ.

ಮಂಗಳೂರಿನ ಉತ್ತರಕ್ಕೆ, ಮೂಲ್ಕಿಯ ಹತ್ತಿರ, ಸಸಿಹಿತ್ಲು ಎಂಬ ಊರಿದೆ. ನಂದಿನಿ ಮತ್ತು ಶಾಂಭವಿ ನದಿಗಳು ಅಲ್ಲಿಯ ಅಳಿವೆಯಲ್ಲಿ ಒಟ್ಟಾಗಿ ಕಡಲು ಸೇರುತ್ತವೆ. ಭಾರತದ ಮೊದಲ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’ ನಡೆದದ್ದು ಇಲ್ಲೇ, 2016ರ ಮೇ ಕೊನೆಯಲ್ಲಿ. ಮುಂಗಾರು ಇನ್ನೇನು ಕಾಲಿಡಬೇಕು, ದೂರದ ಕಡಲಲ್ಲಿ ಎದ್ದ ಅಲೆಗಳು ಬಲಗೊಂಡು ದಡಕ್ಕೆ ಬರತೊಡಗಿರುತ್ತವೆ. ಆದರೆ ಮಳೆಗಾಲದ ಅಬ್ಬರ ಇನ್ನೂ ಶುರುವಾಗಿರುವುದಿಲ್ಲ. ಸ್ಪರ್ಧೆಗೆ ಹೇಳಿ ಮಾಡಿಸಿದ ಹೊತ್ತು ಅದು. ಅಲೆ ಒಡೆಯುವುದು ನೀರಿನಡಿಯ ಮರಳ ದಿಬ್ಬದ ಮೇಲೆ. ದಿಬ್ಬ ಜರುಗಿದರೆ ಅಲೆ ಒಡೆಯುವ ಜಾಗವೂ ಜರುಗುತ್ತದೆ. ಒಂದೇ ಅಲೆ ನಡುವೆ ಒಡೆದು ಎಡಕ್ಕೂ ಬಲಕ್ಕೂ ಸಾಗುವುದುಂಟು. ಮುಂದೆ ಹೇಳುವ ನಿಯಮಗಳಲ್ಲಿ ಬಹುಪಾಲು ಹುಟ್ಟಿರುವುದು ಕಡಲಿನ ಈ ಚಂಚಲತೆಯಿಂದಲೇ.

ಸ್ಪರ್ಧೆಯ ಒಂದೊಂದು ಸುತ್ತಿನಾಟಕ್ಕೆ ಹೀಟ್ ಎನ್ನುತ್ತಾರೆ. ಇಬ್ಬರೋ ಮೂವರೋ ನಾಲ್ವರೋ ಒಟ್ಟಿಗೆ ನೀರಿಗಿಳಿಯುತ್ತಾರೆ. ಒಬ್ಬೊಬ್ಬರದು ಒಂದೊಂದು ಬಣ್ಣದ ಜೆರ್ಸಿ: ಕೆಂಪು, ಬಿಳಿ, ಹಳದಿ, ನೀಲಿ. ಇಪ್ಪತ್ತು, ಮೂವತ್ತು ನಿಮಿಷಗಳ ಅವಧಿ. ಆ ಅವಧಿಯಲ್ಲಿ ಎಷ್ಟೇ ಅಲೆ ಏರಿದರೂ ಲೆಕ್ಕಕ್ಕೆ ಬರುವುದು ಅತ್ಯುತ್ತಮ ಎರಡು ಮಾತ್ರ. ಒಂದು ಅಲೆಗೆ ಗರಿಷ್ಠ 10 ಅಂಕ, ಎರಡಕ್ಕೆ 20. ರಮೇಶ್ ಅವರ 12.60 ಎಂದರೆ ಅಲೆಗೆ ಸರಾಸರಿ 6.30 ಎಂದಾಯಿತು. ಅಂಕಪಟ್ಟಿಯಲ್ಲಿ 4ರಿಂದ 6ರ ಒಳಗಿನದು ಸಾಧಾರಣ, 6ರಿಂದ 8ರ ಒಳಗಿನದು ಉತ್ತಮ, 8 ಮುಟ್ಟಿದರೆ ಅತ್ಯುತ್ತಮ.

ದಡದ ಅಟ್ಟಣಿಗೆಯಲ್ಲಿ ಐವರು ತೀರ್ಪುಗಾರರು ಕೂತಿರುತ್ತಾರೆ. ಪ್ರತಿಯೊಬ್ಬರೂ ಅಕ್ಕಪಕ್ಕದವರನ್ನು ಕೇಳದೆ ಅಂಕ ಕೊಡುತ್ತಾರೆ. ಒಂದು ಅಲೆಗೆ ಐವರು 6.5, 6.0, 6.3, 7.5, 6.2 ಕೊಟ್ಟರೆನ್ನಿ. ಅತಿ ಹೆಚ್ಚಿನ 7.5 ಮತ್ತು ಅತಿ ಕಡಿಮೆಯ 6.0 ಎರಡನ್ನೂ ತೆಗೆದುಹಾಕುತ್ತಾರೆ. ಉಳಿದ ಮೂರರ ಸರಾಸರಿ 6.33. ಐದನ್ನೂ ಸೇರಿಸಿ ಸರಾಸರಿ ತೆಗೆದಿದ್ದರೆ 6.50 ಆಗುತ್ತಿತ್ತು. ಅಂದರೆ ಒಬ್ಬ ತೀರ್ಪುಗಾರರ ಕಣ್ಣಿಗೆ ಆ ಅಲೆ ಅತಿಯಾಗಿ ಚೆನ್ನಾಗಿ ಕಂಡದ್ದರ ಪರಿಣಾಮ 0.17 ಅಂಕ. ಹೀಟ್‌ಗಳು ಇದಕ್ಕಿಂತ ಕಡಿಮೆ ಅಂತರದಲ್ಲಿ ಮುಗಿಯುವುದುಂಟು. ತುದಿಗಳನ್ನು ಕತ್ತರಿಸುವ ಈ ಪದ್ಧತಿ ಒಬ್ಬರ ಒಲವನ್ನೋ ಎಡವಟ್ಟನ್ನೋ ಅಳಿಸುತ್ತದೆ. ಆದರೆ ಮೂವರು ಒಂದೇ ರೀತಿ ತಪ್ಪಿದರೆ ಅದಕ್ಕೆ ಇಲ್ಲಿ ಮದ್ದಿಲ್ಲ.

ಅವರು ನೋಡುವುದೇನು? ಅಲೆಯ ಮೇಲೆ ಎಷ್ಟು ಸಲ ತಿರುಗಿದ ಎಂಬ ಎಣಿಕೆಯನ್ನಲ್ಲ. ಸರ್ಫರ್ ಅಲೆಯ ಇಳಿಜಾರಿನಲ್ಲಿ ಜಾರಿ ಬುಡಕ್ಕೆ ಬಂದು, ಬೋರ್ಡನ್ನು ಅಂಚಿನ ಮೇಲೆ ವಾಲಿಸಿ, ಮತ್ತೆ ನೆತ್ತಿಗೆ ಏರುತ್ತಾನೆ. ನೆತ್ತಿಯಲ್ಲಿ ಅಲೆ ಒಡೆದು ನೊರೆಯಾಗುತ್ತಿರುವ ಜಾಗ ಅತ್ಯಂತ ಕಡಿದು, ಅತ್ಯಂತ ಅಪಾಯಕಾರಿ. ಅಲ್ಲಿಗೇ ಹೋಗಿ ಬೋರ್ಡನ್ನು ಪೂರ್ತಿ ತಿರುಗಿಸಿ ನೀರು ಚಿಮ್ಮಿಸಿ ಬಂದರೆ ಆ ಒಂದು ತಿರುವಿಗೆ, ನೊರೆಯಿಂದ ದೂರದ ಸಪಾಟು ಭಾಗದಲ್ಲಿ ಮಾಡಿದ ಮೂರು ತಿರುವುಗಳಿಗಿಂತ ಹೆಚ್ಚು ಬೆಲೆ. ಎಷ್ಟು ಕಷ್ಟದ್ದನ್ನು ಕೈಗೆತ್ತಿಕೊಂಡ, ಎಷ್ಟು ವೈವಿಧ್ಯ ತೋರಿದ, ಒಂದರಿಂದ ಇನ್ನೊಂದಕ್ಕೆ ವೇಗ ಕಳೆದುಕೊಳ್ಳದೆ ಹೇಗೆ ಸಾಗಿದ, ಹೊಸದೇನಾದರೂ ಮಾಡಿದನೇ ಎಂಬುದೆಲ್ಲ ಸೇರಿ ಒಂದೇ ಅಂಕವಾಗುತ್ತದೆ. ಕೊನೆಯ ತಿರುವಿನಲ್ಲಿ ಬಿದ್ದರೆ ಆ ತಿರುವು ಲೆಕ್ಕಕ್ಕಿಲ್ಲ.

ಆ ಅಂಕವೂ ಸ್ವತಂತ್ರವಾದ ಅಳತೆಯಲ್ಲ. ಹೀಟ್‌ನ ಮೊದಲ ಅಲೆಗೆ 5 ಕೊಟ್ಟರೆ ಮುಂದಿನದೆಲ್ಲ ಅದಕ್ಕೆ ಹೋಲಿಸಿಯೇ ನಿಲ್ಲಬೇಕು. ಮೊದಲನೆಯದಕ್ಕೇ 8.5 ಕೊಟ್ಟುಬಿಟ್ಟರೆ, ಆಮೇಲೆ ಅದಕ್ಕಿಂತ ನಿಚ್ಚಳವಾಗಿ ಮೇಲಾದ ಮೂರು ಅಲೆ ಬಂದಾಗ ಅವನ್ನು ಒಂದರಿಂದೊಂದು ಬೇರ್ಪಡಿಸಲು ಜಾಗವೇ ಉಳಿಯುವುದಿಲ್ಲ. ಅದಕ್ಕೇ ಅನುಭವಿ ತೀರ್ಪುಗಾರರು ಆರಂಭದಲ್ಲಿ ಕೈ ಬಿಗಿಹಿಡಿಯುತ್ತಾರೆ. ಸಸಿಹಿತ್ಲಿನ ಸೊಂಟಮಟ್ಟದ ಅಲೆಯಲ್ಲಿ ಸಿಕ್ಕ 7, ಹವಾಯಿಯ ಪೈಪ್‌ಲೈನ್‌ನಲ್ಲಿ ಸಿಕ್ಕ 7 ಎರಡನ್ನೂ ಪಕ್ಕಪಕ್ಕ ಇಟ್ಟು ತೂಗುವುದು ಸರಿಯಲ್ಲ. ಆಯಾ ದಿನದ ಕಡಲಿನಲ್ಲಿ, ಆಯಾ ಹೀಟ್‌ನ ಒಳಗೆ ಯಾರು ಮೇಲು ಎಂಬುದಷ್ಟೇ ಆ ಅಂಕದ ಅರ್ಥ.

ಈಗ ಆದ್ಯತೆಯ ಪ್ರಶ್ನೆ. ಒಳ್ಳೆಯ ಅಲೆ ಬಂದಾಗ ನಾಲ್ವರೂ ಅದರತ್ತಲೇ ಈಜುತ್ತಾರೆ. ಯಾರದು ಹಕ್ಕು? ಇದಕ್ಕಾಗಿ ಸರದಿ ಇದೆ. ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತವರ ಸಾಲಿನ ಹಾಗೆಯೇ ಇದು: ಅಲೆ ಏರಿದವನು ಸರದಿಯ ಕೊನೆಗೆ ಹೋಗುತ್ತಾನೆ, ಉಳಿದವರು ಒಂದೊಂದು ಸ್ಥಾನ ಮೇಲೇರುತ್ತಾರೆ. ಮೊದಲ ಆದ್ಯತೆ ಇರುವವನು ತನಗೆ ಬೇಕಾದ ಅಲೆಯನ್ನು, ಬೇಕಾದ ದಿಕ್ಕಿನಲ್ಲಿ ಏರಬಹುದು. ಬೇರೆಯವರು ಅವನಿಗೆ ಅಡ್ಡ ಬರುವಂತಿಲ್ಲ. ಅವನು ಅಲೆಗಾಗಿ ಈಜಿ ಹಿಡಿಯಲಾಗದೆ ಹೋದರೂ ಆದ್ಯತೆ ಕೈತಪ್ಪುತ್ತದೆ. ಇಬ್ಬರು ಅಲೆ ಏರಿ ಹಿಂದಿರುಗುತ್ತಿದ್ದರೆ, ಅಲೆ ಹಿಡಿಯುವ ಜಾಗಕ್ಕೆ ಮೊದಲು ತಲುಪಿದವನಿಗೆ ಮುಂದಿನ ಸ್ಥಾನ. ಇದನ್ನು ನೋಡಿಕೊಳ್ಳಲೆಂದೇ ಪ್ರತ್ಯೇಕ ತೀರ್ಪುಗಾರರಿರುತ್ತಾರೆ. ಸರದಿಯನ್ನು ಜೆರ್ಸಿಯ ಬಣ್ಣಗಳಲ್ಲೇ ದಡದಿಂದ ತೋರಿಸುತ್ತಾರೆ. ಹೀಟ್ ಶುರುವಾಗಿ ಸರದಿ ಇನ್ನೂ ಏರ್ಪಡದ ಹೊತ್ತಿನಲ್ಲಿ ಮಾತ್ರ ಹಳೆಯ ನಿಯಮ ನಡೆಯುತ್ತದೆ: ಅಲೆ ಒಡೆಯುವ ನೊರೆಗೆ ಯಾರು ಹತ್ತಿರವೋ ಅವನದೇ ಹಕ್ಕು. ಅಲೆ ಎರಡೂ ಕಡೆ ಸಾಗುತ್ತಿದ್ದರೆ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ಹೋಗಬಹುದು, ದಾರಿ ಅಡ್ಡ ಹಾಯಬಾರದು ಅಷ್ಟೆ.

ಸಸಿಹಿತ್ಲಿನ ಒಂದು ಹೀಟನ್ನು ಊಹಿಸಿಕೊಳ್ಳೋಣ. ನಾಲ್ವರಲ್ಲಿ ಇಬ್ಬರು ಮುಂದಿನ ಸುತ್ತಿಗೆ. ಐದು ನಿಮಿಷ ಬಾಕಿ. ಕೆಂಪು ಜೆರ್ಸಿಯವನು 6.33 ಮತ್ತು 4.50 ಸೇರಿ 10.83ರಲ್ಲಿದ್ದಾನೆ. ನೀಲಿಯವನದು 5.80, 4.20, ಒಟ್ಟು 10.00. ಬಿಳಿಯವನದು 5.50, 3.80, ಒಟ್ಟು 9.30. ಹಳದಿಯವನು 7.10. ಮೂರನೆಯ ಸ್ಥಾನದ ಬಿಳಿಯವನಿಗೆ ಒಂದು ಅಲೆಯಲ್ಲಿ 4.51 ಬೇಕು. 4.50 ಬಂದರೆ ಇಬ್ಬರೂ 10.00ಕ್ಕೆ ಸಮವಾಗುತ್ತಾರೆ, ಸಮವಾದಾಗ ಅತ್ಯುತ್ತಮ ಅಲೆ ಯಾರದೋ ಅವನು ಮೇಲು, ಅಲ್ಲಿ 5.80ರ ನೀಲಿಯವನೇ ಮುಂದು. ಬಿಳಿಯವನಿಗೆ ಮೊದಲ ಆದ್ಯತೆ ಇದೆ, ಅವನು ಸಣ್ಣ ಅಲೆಗಳನ್ನೆಲ್ಲ ಬಿಟ್ಟು ಕಾಯುತ್ತಿದ್ದಾನೆ. ದಡದಲ್ಲಿ ನಿಂತವರಿಗೆ ಅವನು ಸುಮ್ಮನೆ ಕೂತಂತೆ ಕಾಣುತ್ತದೆ. ಹೀಟ್‌ನ ಜೀವ ಇರುವುದು ಆ ಕಾಯುವಿಕೆಯಲ್ಲೇ.

ದೊಡ್ಡ ಅಲೆಯೊಂದು ಬರುತ್ತದೆ. ಬಿಳಿಯವನು ಈಜುತ್ತಾನೆ. ಕೊನೆಯ ಆದ್ಯತೆಯ ನೀಲಿಯವನೂ ಈಜಿ, ಅವನ ಮುಂದೆಯೇ ಎದ್ದು ನಿಲ್ಲುತ್ತಾನೆ. ಬಿಳಿಯವನು ತಿರುವು ತೆಗೆದುಕೊಳ್ಳಲಾಗದೆ ಬೋರ್ಡ್ ಬಿಡಬೇಕಾಗುತ್ತದೆ. ಮೈ ತಾಗಿತೇ ಇಲ್ಲವೇ ಎಂಬುದು ಇಲ್ಲಿ ಮುಖ್ಯವಲ್ಲ. ಎದುರಾಳಿಗೆ ಸಿಗಬಹುದಾಗಿದ್ದ ಅಂಕಕ್ಕೆ ಕುತ್ತು ಬಂತೇ ಎಂದು ತೀರ್ಪುಗಾರರು ನೋಡುತ್ತಾರೆ. ಹೆಚ್ಚಿನವರು ಹೌದೆಂದರೆ ಅದು ಅಡ್ಡಿ. ಅಂಕಪಟ್ಟಿಯಲ್ಲಿ ನೀಲಿಯವನ ಹೆಸರಿನ ಸಾಲಿಗೆ ತ್ರಿಕೋನದ ಗುರುತು ಬೀಳುತ್ತದೆ. ವಿಶ್ವ ಸರ್ಫ್ ಲೀಗ್‌ನ ನಿಯಮದಂತೆ, ಆದ್ಯತೆ ಜಾರಿಯಲ್ಲಿದ್ದಾಗ ಅಡ್ಡಿಪಡಿಸಿದವನಿಗೆ ಒಂದೇ ಅಲೆ ಲೆಕ್ಕ. ನೀಲಿಯವನ 4.20 ಹೋಯಿತು, ಉಳಿದದ್ದು 5.80. ಎರಡನೆಯ ಸ್ಥಾನದಿಂದ ನೇರ ಕೊನೆಗೆ. ಬಿಳಿಯವನು ಹೊಸ ಅಂಕವನ್ನೇ ಗಳಿಸದೆ ಎರಡನೆಯವನಾದ. ಇನ್ನು ಅವನನ್ನು ದಾಟಬೇಕಾದರೆ ನೀಲಿಯವನು ಒಂದೇ ಅಲೆಯಲ್ಲಿ ಕನಿಷ್ಠ 9.30 ಪಡೆಯಬೇಕು (ಸಮವಾದರೂ ಅತ್ಯುತ್ತಮ ಅಲೆ ಅವನದೇ), ಆ ದಿನದ ಅಲೆಗಳಲ್ಲಿ ಅದು ಆಗದ ಮಾತು.

ಇದೇ ತಪ್ಪು ಸರದಿ ಏರ್ಪಡುವ ಮುನ್ನ ನಡೆದಿದ್ದರೆ ಶಿಕ್ಷೆ ಹಗುರ: ಎರಡನೆಯ ಅಲೆಯ ಅಂಕ ಅರ್ಧವಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಆಗ 5.80ಕ್ಕೆ 2.10 ಸೇರಿ 7.90. ಹೊಸದಾಗಿ 6.40 ಬಂದರೆ, ಹಳೆಯ 5.80 ಅರ್ಧವಾಗಿ 2.90 ಸೇರಿ ಒಟ್ಟು 9.30. ಕೈಗೆಟಕುವ ಗುರಿ. ಎರಡು ಶಿಕ್ಷೆಗಳ ನಡುವಿನ ಅಂತರ ಇಷ್ಟು ದೊಡ್ಡದು. ಒಂದೇ ಹೀಟ್‌ನಲ್ಲಿ ಎರಡು ಸಲ ಅಡ್ಡಿಪಡಿಸಿದರಂತೂ ಅಲ್ಲಿಗೇ ನೀರಿನಿಂದ ಹೊರಗೆ.

ಈ ಶಿಕ್ಷೆಯಲ್ಲಿ ನನಗೆ ಕಾಣುವ ಕೊರತೆ ಒಂದಿದೆ. ಅದು ಎಲ್ಲರಿಗೂ ಒಂದೇ ತೂಕದ್ದಲ್ಲ. 5 ಮತ್ತು 5 ಇದ್ದವನು ಅರ್ಧ ಆಸ್ತಿ ಕಳೆದುಕೊಳ್ಳುತ್ತಾನೆ. 9 ಮತ್ತು 1 ಇದ್ದವನು ಹತ್ತರಲ್ಲಿ ಒಂದನ್ನಷ್ಟೇ. ತಪ್ಪು ಒಂದೇ, ನಷ್ಟ ಐದು ಪಟ್ಟು ಬೇರೆ. ಎದುರಾಳಿಯ ಒಟ್ಟು ಅಂಕ ತೀರಾ ಕಡಿಮೆ ಇದ್ದರೆ, ಬೇಕೆಂದೇ ಅಡ್ಡಿಪಡಿಸುವುದು ಲಾಭದ ವ್ಯವಹಾರವೂ ಆಗಬಹುದು.

2019ರಲ್ಲಿ ಹಾಗೆಯೇ ಆಯಿತು. ಅಕ್ಟೋಬರ್‌ನಲ್ಲಿ ಪೋರ್ಚುಗಲ್‌ನ ಪೆನಿಶ್‌ನಲ್ಲಿ ಬ್ರೆಜಿಲ್‌ನ ಗೇಬ್ರಿಯಲ್ ಮೆಡೀನಾ, ಆದ್ಯತೆ ತಮ್ಮದೇ ಎಂದು ಭಾವಿಸಿ ತಮ್ಮದೇ ದೇಶದ ಕಾಯೊ ಇಬೆಲಿ ಅವರ ಅಲೆಗೆ ಇಳಿದರು. ಆದ್ಯತೆ ಇಬೆಲಿ ಅವರದಾಗಿತ್ತು. ಮೆಡೀನಾ ಒಂದು ಅಲೆಯ ಅಂಕ ಕಳೆದುಕೊಂಡು ಸೋತರು. ಡಿಸೆಂಬರ್‌ನಲ್ಲಿ ಪೈಪ್‌ಲೈನ್‌ನಲ್ಲಿ ಇಬ್ಬರೂ ಮತ್ತೆ ಎದುರಾದರು. ಅಲೆಗಳೇ ಸರಿಯಾಗಿ ಸಿಗದ ಹೀಟ್ ಅದು, ಇಬೆಲಿ ಅವರ ಒಟ್ಟು ಅಂಕ ತುಂಬ ಕಡಿಮೆ ಇತ್ತು. ಕೊನೆಯ ಕ್ಷಣಗಳಲ್ಲಿ ಆದ್ಯತೆ ಹೊಂದಿದ್ದ ಇಬೆಲಿ ಅಲೆ ಏರುತ್ತಿದ್ದಂತೆ ಮೆಡೀನಾ ಗೊತ್ತಿದ್ದೂ ಅಡ್ಡ ಇಳಿದರು. ಅಡ್ಡಿಯೆಂದು ತೀರ್ಪಾಯಿತು, ಎರಡನೆಯ ಅಲೆ ಲೆಕ್ಕದಿಂದ ಹೋಯಿತು. ಆದರೆ ಉಳಿದ ಒಂದೇ ಅಲೆಯ ಅಂಕ ಇಬೆಲಿ ಅವರ ಒಟ್ಟು ಅಂಕಕ್ಕಿಂತ ಹೆಚ್ಚಿತ್ತು. ನಿಯಮ ಮುರಿದವರೇ ನಿಯಮದ ಲೆಕ್ಕದಲ್ಲಿ ಗೆದ್ದರು. ಮೆಡೀನಾ ಅಲ್ಲಿಂದ ಫೈನಲ್‌ವರೆಗೂ ಹೋದರು. ಅಲ್ಲಿ ಅವರನ್ನು ಸೋಲಿಸಿದ ಇಟಾಲೊ ಫೆರೇರಾ ಆ ವರ್ಷದ ವಿಶ್ವ ಚಾಂಪಿಯನ್ ಆದರು.