ಇನಿಷಿಯಲ್ ಬಿಡಿಸಿದರೆ ಊರೂ ಉಂಟು, ಅಪ್ಪನೂ ಉಂಟು

ಕೆ.ವಿ. ಪುಟ್ಟಪ್ಪ ಎಂಬ ಹೆಸರನ್ನು ಬಿಡಿಸಿದರೆ ಕುಪ್ಪಳಿ ಊರು, ವೆಂಕಟಪ್ಪ ತಂದೆ. ಪುಟ್ಟಪ್ಪ ಎಂಬುದಷ್ಟೇ ಸ್ವಂತ ಹೆಸರು. ಇದೇ ಲೆಕ್ಕ ಹಿಡಿದು ಡಿ.ಆರ್. ಬೇಂದ್ರೆ ಎಂಬುದನ್ನು ಬಿಡಿಸಹೊರಟರೆ ಎಡವುವುದು ಖಂಡಿತ. ಅಲ್ಲಿ ಮೊದಲ ಅಕ್ಷರದ ದತ್ತಾತ್ರೇಯನೇ ಕವಿಯ ಸ್ವಂತ ಹೆಸರು, ರಾಮಚಂದ್ರ ತಂದೆಯದು, ಬೇಂದ್ರೆ ಮನೆತನದ ಅಡ್ಡಹೆಸರು. ನೋಡಲು ಎರಡೂ ಒಂದೇ ಥರ. ಆದರೆ ಒಂದರಲ್ಲಿ ಹೆಸರಿನ ಒಡೆಯ ಕೊನೆಗೆ ನಿಂತಿದ್ದಾನೆ, ಇನ್ನೊಂದರಲ್ಲಿ ಮೊದಲಿಗೇ ಬಂದಿದ್ದಾನೆ.

ಹಳೇ ಮೈಸೂರಿನ ಬಹುಪಾಲು ಮನೆಗಳಲ್ಲಿ ಅಡ್ಡಹೆಸರಿನ ರೂಢಿಯೇ ಇರಲಿಲ್ಲ. ಊರೊಳಗೆ ಪುಟ್ಟಪ್ಪ ಎಂದರೆ ಸಾಕು. ಇಬ್ಬರು ಪುಟ್ಟಪ್ಪಂದಿರಿದ್ದರೆ 'ವೆಂಕಟಪ್ಪನ ಮಗ' ಎಂದರಾಯಿತು. ಊರು ಬಿಟ್ಟು ಹೊರಟವನಿಗೆ ಊರಿನ ಹೆಸರೂ ಬೇಕಾಯಿತು. ಶಾಲೆಯ ಹಾಜರಿ ಪುಸ್ತಕದಲ್ಲಿ, ಕಚೇರಿಯ ಕಡತದಲ್ಲಿ ಇಷ್ಟನ್ನೂ ಬರೆಯುವ ಬದಲು ಎರಡು ಅಕ್ಷರಕ್ಕೆ ಇಳಿಸಿದರು. ತಮಿಳುನಾಡಿನಲ್ಲಿ ಸಾಮಾನ್ಯವಾಗಿ ತಂದೆಯ ಹೆಸರಿನ ಒಂದಕ್ಷರವೇ ಸಾಕು. ತೆಲುಗರಲ್ಲಿ ಮೊದಲು ಬರುವುದು 'ಇಂಟಿ ಪೇರು', ಅಂದರೆ ಮನೆತನದ ಹೆಸರು. ಪಿ.ವಿ. ನರಸಿಂಹರಾಯರ 'ಪಿ' ಪಾಮುಲಪರ್ತಿ. ಉತ್ತರ ಕರ್ನಾಟಕದಲ್ಲಿ ಬೇಂದ್ರೆಯವರಂತೆ ಅಡ್ಡಹೆಸರು ಕೊನೆಗೆ.

ಊರಿನ ಅಕ್ಷರ ಸಿಕ್ಕಿತೆಂದು ಅದೇ ಹುಟ್ಟಿದೂರು ಎನ್ನುವಂತಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ 'ಎಂ' ಮೋಕ್ಷಗುಂಡಂ. ಅದು ಇಂದಿನ ಆಂಧ್ರಪ್ರದೇಶದಲ್ಲಿರುವ ಪೂರ್ವಜರ ಊರು. ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳ ಅಕ್ಷರ ಹೆಸರಿನಲ್ಲೇ ಇಲ್ಲ. ಇನ್ನು ಸಿ.ವಿ. ರಾಮನ್ ಅವರದು ಮತ್ತೊಂದು ಬಗೆ. 'ಸಿ' ತಂದೆ ಚಂದ್ರಶೇಖರ. 'ವಿ' ಊರಲ್ಲ, ಅಜ್ಜನೂ ಅಲ್ಲ. ವೆಂಕಟರಾಮನ್ ಎಂಬ ಒಂದೇ ಹೆಸರು ಎರಡು ತುಂಡಾಗಿ, ಮೊದಲ ತುಂಡು ಇನಿಷಿಯಲ್ ಆಗಿ ಕುಳಿತಿದೆ.

ಇಂಗ್ಲಿಷ್ ಅಕ್ಷರಕ್ಕಿಂತ ಕನ್ನಡದ ಅಕ್ಷರ ಹೆಚ್ಚು ಹೇಳುತ್ತದೆ. 'ಕೆ' ಎಂದರೆ ಕುಪ್ಪಳಿಯೂ ಆದೀತು, ಕಿಕ್ಕೇರಿಯೂ ಆದೀತು. 'ಕುವೆಂಪು' ಎಂದಾಗ ಕಿಕ್ಕೇರಿಗೆ ದಾರಿ ಮುಚ್ಚುತ್ತದೆ. ಆದರೂ ಅಕ್ಷರದಿಂದ ಊಹೆ ಮಾಡಬಹುದೇ ಹೊರತು ಪೂರ್ಣ ಹೆಸರನ್ನು ಮನೆಯವರೇ ಹೇಳಬೇಕು.

ಇದು ಬರಿಯ ಕುತೂಹಲವಾಗಿ ಉಳಿಯದೆ ಪೇಚಿಗೆ ಸಿಕ್ಕಿಸುವುದು ಪಾಸ್‌ಪೋರ್ಟ್ ಅರ್ಜಿಯ ಮುಂದೆ. ಹೊಸಹಳ್ಳಿಯ ಶಿವಣ್ಣನವರ ಮಗ ಮಂಜುನಾಥ ಎಂದುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಆತ 'ಮಂಜುನಾಥ ಎಚ್.ಎಸ್.' ಅರ್ಜಿಯಲ್ಲಿ ಇನಿಷಿಯಲ್ ನಡೆಯದು, ಬಿಡಿಸಿಯೇ ಬರೆಯಬೇಕು. ಅಲ್ಲಿರುವುದು ಎರಡು ಜಾಗ: ಗಿವನ್ ನೇಮ್ ಮತ್ತು ಸರ್‌ನೇಮ್.

ಅಡ್ಡಹೆಸರಿಲ್ಲವೆಂದು ಸರ್‌ನೇಮ್ ಖಾಲಿ ಬಿಟ್ಟು 'ಮಂಜುನಾಥ' ಎಂದಷ್ಟೇ ಬರೆದರೆ ಹೆಸರು ಒಂಟಿ ಪದವಾಗುತ್ತದೆ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನ, ಪ್ರವಾಸಿ ವೀಸಾದಲ್ಲಿ ಬರುವ ಇಂಥ ಒಂಟಿ ಹೆಸರಿನವರಿಗೆ ಪ್ರವೇಶವಿಲ್ಲವೆಂದಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕೆಂಬ ವಿನಾಯಿತಿ ಬಂದದ್ದು ಆಮೇಲೆ. ಬದಲಿಗೆ ಮಂಜುನಾಥನನ್ನು ಸರ್‌ನೇಮ್‌ಗೆ ಹಾಕಿ ಇನ್ನೊಂದನ್ನು ಖಾಲಿ ಬಿಟ್ಟರೆ, ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಮುದ್ರಿತವಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ!

ಹೆಚ್ಚು ತೊಡಕಿಲ್ಲದ ದಾರಿ, ಮಂಜುನಾಥ ಎಂಬುದನ್ನು ಗಿವನ್ ನೇಮ್‌ನಲ್ಲೂ ಶಿವಣ್ಣ ಎಂಬುದನ್ನು ಸರ್‌ನೇಮ್‌ನಲ್ಲೂ ಬರೆಯುವುದು. ಊರನ್ನು ಉಳಿಸಿಕೊಳ್ಳುವ ಆಸೆಯಿದ್ದರೆ 'ಹೊಸಹಳ್ಳಿ ಶಿವಣ್ಣ' ಎನ್ನಬಹುದು. ವಿದೇಶದಲ್ಲಿ ಯಾರಾದರೂ 'ಮಿಸ್ಟರ್ ಶಿವಣ್ಣ' ಎಂದು ಕೂಗಿದರೆ ಅಪ್ಪನನ್ನಲ್ಲ, ತನ್ನನ್ನೇ ಎಂದು ತಿಳಿದು ಓಗೊಡಬೇಕು, ಅಷ್ಟೆ. ನಾಳೆ ಮಂಜುನಾಥನ ಮಗಳ ಸರ್‌ನೇಮ್ 'ಮಂಜುನಾಥ' ಆಗುತ್ತದೆ. ತಂದೆ ಮಗಳ ಸರ್‌ನೇಮ್ ಬೇರೆಯಾದದ್ದು ತಪ್ಪಲ್ಲ. ಸಂಬಂಧ ತೋರಿಸಲು ಆಕೆಯ ಜನನ ಪ್ರಮಾಣಪತ್ರ ಕೈಯಲ್ಲಿದ್ದರೆ ಒಳ್ಳೆಯದು.

ಒಮ್ಮೆ ಬಿಡಿಸಿದ ಮೇಲೆ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಎಲ್ಲದರಲ್ಲೂ ಅದೇ ಹೆಸರು, ಅದೇ ಕಾಗುಣಿತ ಇರಬೇಕು. ಶಿವಣ್ಣನವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ 'ಎಸ್' ಆದಮೇಲೆ 'ಎಚ್' ಹಾಕುತ್ತಾರೋ ಇಲ್ಲವೋ ಎಂಬುದನ್ನು ಅವರ ದಾಖಲೆ ನೋಡಿಯೇ ಬರೆಯುವುದು ಲೇಸು. ಹಳೆಯ ಅಂಕಪಟ್ಟಿಯ 'ಎಚ್.ಎಸ್.' ಬಗ್ಗೆ ಯಾರಾದರೂ ತಕರಾರು ತೆಗೆದರೆ, ಎರಡೂ ಹೆಸರು ಒಬ್ಬನದೇ ಎಂದು ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್ ಸಾಮಾನ್ಯವಾಗಿ ನೆರವಿಗೆ ಬರುತ್ತದೆ.